ಮಗಳು ಕೇಳಿಕೊಂಡು ಹೋಗುವುದಿಲ್ಲ, ಎದ್ದು ಹೋಗುತ್ತಾಳೆ

ನನ್ನ ಮಗಳಿಗೆ ಕ್ರೋನ್ಸ್ ಕಾಯಿಲೆ ಇದೆ. ಏಳನೇ ಕ್ಲಾಸಿನಲ್ಲಿದ್ದಾಗ ಗೊತ್ತಾಯಿತು. ಸಣ್ಣ ಕರುಳಿನ ತುದಿ, ದೊಡ್ಡ ಕರುಳಿನ ಸ್ವಲ್ಪ ಭಾಗ ಮತ್ತು ಗುದನಾಳದಲ್ಲಿ ಉರಿಯೂತ, ಹುಣ್ಣು. ಡಾಕ್ಟರುಗಳು ಇದನ್ನೂ, ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಅನ್ನೂ ಸೇರಿಸಿ ಐಬಿಡಿ, ಅಂದರೆ ಕರುಳಿನ ಉರಿಯೂತದ ಕಾಯಿಲೆ ಅನ್ನುತ್ತಾರೆ. ಗೊತ್ತಾದ ದಿನವೇ ಕ್ಲಾಸ್ ಟೀಚರಿಗೆ ಫೋನ್ ಮಾಡಿ ಹೇಳಿದ್ದೆ. ಅವರು ಒಳ್ಳೆಯವರು, ಅರ್ಥ ಮಾಡಿಕೊಂಡರು. ಆದರೆ ಹೈಸ್ಕೂಲಿಗೆ ಬಂದ ಮೇಲೆ ಒಂದೊಂದು ಪೀರಿಯಡ್ಡಿಗೆ ಒಬ್ಬೊಬ್ಬರು ಬರುತ್ತಾರೆ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಹೋಗುವಷ್ಟರಲ್ಲಿ ಬೇರೆಯದೇ ಆಗಿರುತ್ತಿತ್ತು.

ಹೇಗೆ ಬೇರೆಯಾಯಿತು ಅಂದರೆ, ಒಬ್ಬ ಮೇಷ್ಟ್ರು ಇದನ್ನು ಐಬಿಎಸ್ ಅಂತ ಕೇಳಿಸಿಕೊಂಡು, "ಅದು ನನಗೂ ಇದೆ, ಟೆನ್ಷನ್ ಮಾಡ್ಕೊಳ್ಳೋದು ಬಿಟ್ರೆ ಸರಿಹೋಗುತ್ತೆ" ಅಂತ ಮಗಳಿಗೆ ಸಮಾಧಾನ ಹೇಳಿದರು. ಐಬಿಎಸ್ ಅಂದರೆ ಹೊಟ್ಟೆನೋವು, ಭೇದಿ, ಮಲಬದ್ಧತೆ ಕಾಡುವ ಬೇರೆಯದೇ ತೊಂದರೆ, ಅದರಲ್ಲಿ ಕರುಳಿನಲ್ಲಿ ಹುಣ್ಣಾಗುವುದಿಲ್ಲ, ರಕ್ತ ಹೋಗುವುದಿಲ್ಲ. ಇದರಲ್ಲಿ ಆಗುತ್ತದೆ. ಇನ್ನೊಂದು ಸುದ್ದಿ ಇದಕ್ಕಿಂತ ಕೆಟ್ಟದ್ದು. ನಮ್ಮ ದೇಶದಲ್ಲಿ ಕರುಳಿನ ಟಿ.ಬಿ. ಮತ್ತು ಕ್ರೋನ್ಸ್ ನೋಡಲು ಒಂದೇ ಥರ ಇರುವುದರಿಂದ ಮೊದಲು ಟಿ.ಬಿ. ಇದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಇವಳಿಗೂ ಮಾಡಿದರು, ಅದಲ್ಲ ಅಂತ ಖಚಿತವಾಯಿತು. ಸ್ಕೂಲಿಗೆ ಮಾತ್ರ "ಟಿ.ಬಿ." ಅನ್ನುವಷ್ಟೇ ತಲುಪಿತ್ತು. ಪಕ್ಕದ ಹುಡುಗಿಯ ಅಮ್ಮ ಬೆಂಚು ಬದಲಾಯಿಸಿ ಅಂತ ಕೇಳಿದರಂತೆ. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಬಾಯಿಮಾತು ಸಾಕು, ಕಾಗದದಲ್ಲಿ ಕೊಡೋಣ ಅಂತ.

ನಮ್ಮದು ದಾವಣಗೆರೆ ಕಡೆಯ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆ. ಪತ್ರವನ್ನೂ ಕನ್ನಡದಲ್ಲೇ ಬರೆದೆ. ಬರೆಯಲು ಕೂತಾಗ ಒಂದು ಲೆಕ್ಕ ಇಟ್ಟುಕೊಂಡೆ. ಕಾಯಿಲೆ ಎಲ್ಲಿ ಹುಟ್ಟುತ್ತೆ, ರೋಗನಿರೋಧಕ ಶಕ್ತಿ ತನ್ನ ಕರುಳಿನ ಮೇಲೇ ಯಾಕೆ ತಿರುಗಿ ಬೀಳುತ್ತೆ, ಇದೆಲ್ಲ ಗಣಿತದ ಮೇಷ್ಟ್ರಿಗೆ ಬೇಡ. ಪಾಠದ ಮಧ್ಯೆ ಇವಳು ಎದ್ದು ನಿಂತ ಆ ಗಳಿಗೆಯಲ್ಲಿ ಅವರು ಏನು ಮಾಡಬೇಕು, ಏನು ಮಾಡಬಾರದು ಅನ್ನುವುದಷ್ಟೇ ಬೇಕು. ಹಾಗಾಗಿ ಕಾಯಿಲೆಗೆ ಕೊಟ್ಟಿದ್ದು ಒಂದೇ ಪ್ಯಾರಾ:

"ನನ್ನ ಮಗಳಿಗೆ ಕ್ರೋನ್ಸ್ ಎಂಬ ಕರುಳಿನ ದೀರ್ಘಕಾಲದ ಕಾಯಿಲೆ ಇದೆ. ಇದು ಅಂಟುರೋಗವಲ್ಲ, ಟಿ.ಬಿ. ಅಲ್ಲ. ಹೊರಗಿನ ತಿಂಡಿ ತಿಂದಿದ್ದರಿಂದ ಬಂದದ್ದಲ್ಲ. ಔಷಧಿಯಿಂದ ಹತೋಟಿಯಲ್ಲಿರುತ್ತದೆ, ಕೆಲವೊಮ್ಮೆ ವಾರಗಟ್ಟಲೆ ಹೆಚ್ಚಾಗುತ್ತದೆ. ಚೆನ್ನಾಗಿರುವ ದಿನಗಳಲ್ಲಿ ಅವಳನ್ನು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೆಳಗೆ ಬರೆದಿರುವುದು ಆ ದಿನಗಳಿಗೂ ಅನ್ವಯಿಸುತ್ತದೆ."

ಕೊನೆಯ ವಾಕ್ಯ ಬೇಕೇ ಬೇಕು ಅಂತ ನಮ್ಮವರು ಹಠ ಹಿಡಿದು ಸೇರಿಸಿದರು. ಅದು ಸರಿಯೇ. ಎರಡು ತಿಂಗಳು ಮಗು ಓಡಾಡಿಕೊಂಡಿದ್ದರೆ "ಈಗ ಹುಷಾರಾಗಿದ್ದಾಳಲ್ಲ" ಅಂತ ಎಲ್ಲರೂ ಹಳೆಯ ನಿಯಮಕ್ಕೆ ವಾಪಸ್ ಹೋಗಿಬಿಡುತ್ತಾರೆ. ಕಾಯಿಲೆ ಮರುಕಳಿಸುವುದು ಮೊದಲು ಗೊತ್ತಾಗುವುದು ಕ್ಲಾಸಿನಲ್ಲೇ, ಮನೆಯಲ್ಲಲ್ಲ.

ಇನ್ನು ಟಾಯ್ಲೆಟ್ ವಿಷಯ. ಪತ್ರದ ಅರ್ಧಭಾಗ ಇದೇ. ನಾರ್ಮಲ್ಲಾಗಿ ಗುದನಾಳ ಸ್ವಲ್ಪ ಹಿಗ್ಗಿ ಮಲವನ್ನು ತಡೆದು ಇಟ್ಟುಕೊಳ್ಳುತ್ತದೆ. ಅದಕ್ಕೇ ನಾವೆಲ್ಲ "ಬೆಲ್ ಆಗಲಿ" ಅಂತ ಕಾಯಬಹುದು. ಉರಿಯೂತ ಇದ್ದಾಗ ಅಲ್ಲಿನ ಗೋಡೆ ಹಿಗ್ಗುವುದಿಲ್ಲ, ಸ್ವಲ್ಪವೇ ಬಂದರೂ ಕೆರಳುತ್ತದೆ. ಇವಳಿಗೆ ಹೋಗಬೇಕು ಅನ್ನಿಸಿದ ಮೇಲೆ ಇರುವುದು ಒಂದೆರಡು ನಿಮಿಷ, ಅಷ್ಟೇ. ತಡೆದುಕೊಳ್ಳುವ ಅಭ್ಯಾಸ ಮಾಡಿಸಿದರೆ ಆಗುವಂಥದ್ದಲ್ಲ. ಇನ್ನೊಂದು ಕಾಟ ಇದೆ. ಹೋಗಿ ಬಂದು ಹತ್ತು ನಿಮಿಷಕ್ಕೆ ಮತ್ತೆ ಹೋಗಬೇಕು ಅನ್ನಿಸುತ್ತದೆ, ಹೋದರೆ ಏನೂ ಆಗುವುದಿಲ್ಲ, ಬರೀ ರಕ್ತ ಲೋಳೆ ಸ್ವಲ್ಪ. ಹೊರಗಿನಿಂದ ನೋಡುವವರಿಗೆ ಇದು ಪಕ್ಕಾ ನಾಟಕದ ಹಾಗೆ ಕಾಣುತ್ತದೆ. "ಈಗ ತಾನೇ ಹೋಗಿ ಬಂದ್ಯಲ್ಲ?" ಅನ್ನುವ ಪ್ರಶ್ನೆ ಬರುವುದು ಅಲ್ಲೇ.

ಮೊದಲು "ದಯವಿಟ್ಟು ಅವಳಿಗೆ ಹೋಗಲು ಅನುಮತಿ ಕೊಡಿ" ಅಂತ ಬರೆಯೋಣ ಅಂತಿದ್ದೆವು. ಎಲ್ಲರೂ ಬರೆಯುವುದು ಹಾಗೇ ಅಲ್ವಾ. ಆದರೆ ಅನುಮತಿ ಅಂದರೆ ಕೈ ಎತ್ತಬೇಕು, ಮೇಷ್ಟ್ರು ಬೋರ್ಡಿನಿಂದ ತಿರುಗಬೇಕು, "ಏನು?" ಅನ್ನಬೇಕು, ಇವಳು ಎಲ್ಲರ ಮುಂದೆ ಹೇಳಬೇಕು. ಆ ಒಂದೆರಡು ನಿಮಿಷ ಅಲ್ಲೇ ಮುಗಿಯಿತು. ಅದರ ಮೇಲೆ ನಮ್ಮ ಶಾಲೆಯಲ್ಲಿ ಪಾಸ್ ಪದ್ಧತಿ. ಮರದ ಒಂದು ತುಂಡಿನ ಮೇಲೆ ಕ್ಲಾಸಿನ ಹೆಸರು ಬರೆದಿರುತ್ತದೆ, ಅದನ್ನು ಹಿಡಿದುಕೊಂಡು ಒಬ್ಬರೇ ಹೋಗಬೇಕು, ಅವರು ಬರುವ ತನಕ ಇನ್ನೊಬ್ಬರು ಹೋಗುವಂತಿಲ್ಲ. ಪಾಸ್ ಹಿಡಿದುಕೊಂಡು ಹೋದವಳು ನೀರಿನ ಟ್ಯಾಂಕಿನ ಹತ್ತಿರ ಮಾತಾಡುತ್ತಾ ನಿಂತರೆ ಇವಳ ಗತಿ? ಅದಕ್ಕೇ ಈ ಭಾಗವನ್ನು ಹೀಗೆ ಬರೆದೆ:

"ಅವಳು ಕೇಳಿಕೊಂಡು ಹೋಗುವುದಿಲ್ಲ, ಎದ್ದು ಹೋಗುತ್ತಾಳೆ. ಹೋಗುವಾಗ ತನ್ನ ಡೆಸ್ಕಿನ ಮೇಲೆ ಹಳದಿ ಕಾರ್ಡ್ ಇಟ್ಟು ಹೋಗುತ್ತಾಳೆ. ಪಾಸ್ ನಿಯಮ ಅವಳಿಗೆ ಬೇಡ. ಒಂದೇ ಪೀರಿಯಡ್ಡಿನಲ್ಲಿ ಎರಡು ಮೂರು ಸಲ ಹೋದರೂ ಏನೂ ಕೇಳಬೇಡಿ. ಬಂದ ಮೇಲೆ ಪಾಠ ಮುಂದುವರಿಸಿ. ಹದಿನೈದು ನಿಮಿಷವಾದರೂ ಬರದಿದ್ದರೆ ಮಾತ್ರ ಮಹಿಳಾ ಸಿಬ್ಬಂದಿ ಒಬ್ಬರನ್ನು ನೋಡಿ ಬರಲು ಕಳಿಸಿ, ಸಹಪಾಠಿಗಳನ್ನು ಕಳಿಸಬೇಡಿ."

ಹೋಗುವುದು ಎಲ್ಲಿಗೆ ಅನ್ನುವುದು ಅಷ್ಟೇ ಮುಖ್ಯ. ಹುಡುಗಿಯರ ಟಾಯ್ಲೆಟ್ ಇರುವುದು ಆಟದ ಮೈದಾನದ ಆಚೆ. ಇಂಟರ್ವೆಲ್ ಆದ ಮೇಲೆ ತೊಳೆದು ಬೀಗ ಹಾಕುತ್ತಾರೆ, ಬೀಗದ ಕೈ ಆಫೀಸಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ನಲ್ಲಿಯಲ್ಲಿ ನೀರು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸ್ಟಾಫ್ ರೂಮಿನ ಪಕ್ಕದ ಟಾಯ್ಲೆಟ್ ಎಂಟನೇ ಕ್ಲಾಸಿಗೆ ಕೂಗಳತೆಯ ದೂರದಲ್ಲಿದೆ. ಅಲ್ಲಿ ಕಮೋಡ್ ಕೂಡ ಇದೆ. ಈ ಕಾಯಿಲೆ ಜಾಸ್ತಿಯಾದಾಗ ಕೆಲವರಿಗೆ ಕೀಲುನೋವು ಬರುತ್ತದೆ, ಇವಳಿಗೆ ಮಂಡಿ ಹಿಡಿದುಕೊಳ್ಳುತ್ತದೆ, ಕುಕ್ಕರಗಾಲಲ್ಲಿ ಕೂತು ಏಳಲು ಆಗುವುದಿಲ್ಲ. ಆ ಟಾಯ್ಲೆಟ್ಟನ್ನೇ ಬಳಸಲು ಬಿಡಿ, ಬೀಗ ಹಾಕುವುದಾದರೆ ಇನ್ನೊಂದು ಕೀ ಇವಳ ಬಳಿ ಇರಲಿ ಅಂತ ಕೇಳಿದೆ. ಒಳಗೆ ಚಿಲಕ, ನೀರು, ಮಗ್, ಸೋಪು, ಮುಚ್ಚಳದ ಕಸದ ಬುಟ್ಟಿ ಇರಬೇಕು ಅಂತ ಒಂದೊಂದಾಗಿ ಬರೆದೆ. "ಸ್ವಚ್ಛ ಶೌಚಾಲಯ" ಅಂತ ಒಂದೇ ಪದದಲ್ಲಿ ಮುಗಿಸಿದರೆ ಚಿಲಕ ಕಿತ್ತುಹೋಗಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಜೊತೆಗೆ ಬಾಗಿಲ ಪಕ್ಕದ ಬೆಂಚು, ತುದಿಯ ಸೀಟು. ಪ್ರಾರ್ಥನೆಗೆ ನಿಲ್ಲಿಸುವಾಗ ಸಾಲಿನ ಕೊನೆ.

ಬಟ್ಟೆ ಕೆಟ್ಟರೆ ಏನು ಮಾಡಬೇಕು ಅನ್ನುವುದನ್ನು ಬರೆಯಲು ಕೈ ಹಿಂದೆಮುಂದೆ ನೋಡಿತು, ಆದರೂ ಬರೆದೆ. ಒಂದು ಬ್ಯಾಗಿನಲ್ಲಿ ಯೂನಿಫಾರ್ಮಿನ ಸ್ಕರ್ಟು, ಒಳಬಟ್ಟೆ, ಒದ್ದೆ ವೈಪ್ಸ್, ದಪ್ಪ ಪ್ಲಾಸ್ಟಿಕ್ ಕವರು, ಒಂದು ಟವೆಲ್. ಅದು ಕ್ಲಾಸಿನಲ್ಲಿರುವುದಿಲ್ಲ, ಆ ಟಾಯ್ಲೆಟ್ಟಿನ ಹತ್ತಿರದ ಕಪಾಟಿನಲ್ಲಿರುತ್ತದೆ. "ಅವಳೇ ಬದಲಾಯಿಸಿಕೊಂಡು ಕ್ಲಾಸಿಗೆ ಬರುತ್ತಾಳೆ. ಮನೆಗೆ ಕಳಿಸುವ ಅಗತ್ಯ ಇಲ್ಲ, ಅವಳು ಬಯಸಿದರೆ ಮಾತ್ರ ಫೋನ್ ಮಾಡಿ." ಮನೆಗೆ ಕಳಿಸುವುದು ಅವರ ದೃಷ್ಟಿಯಲ್ಲಿ ಕಾಳಜಿ. ಮಗುವಿಗೆ ಅದು ಇಡೀ ಶಾಲೆಗೆ ಡಂಗುರ ಸಾರಿದ ಹಾಗೆ.

ಪತ್ರ ಮುಗಿಸಿ ಮಗಳ ಕೈಗೆ ಕೊಟ್ಟೆ. ಹದಿಮೂರು ವರ್ಷದವಳು, ಅವಳ ಬಗ್ಗೆ ಬರೆದದ್ದು ಅವಳು ಓದದೆ ಹೋಗಬಾರದು. ಪೆನ್ನು ಹಿಡಿದು ಕೂತಳು. "ರಕ್ತ" ಇದ್ದ ಕಡೆ ಹೊಡೆದು ಹಾಕಿದಳು. "ಅದು ಡಾಕ್ಟರ್ ಕಾಗದದಲ್ಲಿ ಇರಲಿ ಅಮ್ಮ, ಮೇಷ್ಟ್ರಿಗೆ ಯಾಕೆ?" ಅಂದಳು. ಕ್ಲಾಸಿನ ಮಕ್ಕಳಿಗೆ ಟೀಚರ್ ಸೂಕ್ಷ್ಮವಾಗಿ ತಿಳಿಸಲಿ ಅಂತ ನಾನು ಬರೆದಿದ್ದ ಸಾಲನ್ನೂ ತೆಗೆದಳು. ಯಾರಿಗೆ ಹೇಳಬೇಕೋ ಅವಳೇ ಹೇಳುತ್ತಾಳಂತೆ. ಆಮೇಲೆ ತಾನೇ ಒಂದು ಸಾಲು ಸೇರಿಸಿದಳು: "ಈ ಪತ್ರವನ್ನು ನೋಟಿಸ್ ಬೋರ್ಡಿಗೆ ಹಾಕಬೇಡಿ, ಕ್ಲಾಸಿನಲ್ಲಿ ಓದಬೇಡಿ." ಹಳದಿ ಕಾರ್ಡು ದೊಡ್ಡದಾಯಿತು ಅಂತ ಬೈದು, ಬಸ್ ಪಾಸಿನಷ್ಟು ಸಣ್ಣದು ಮಾಡಿಕೊಂಡಳು.

ಊಟದ ಭಾಗ ಇನ್ನೂ ಕಷ್ಟ. ಟಾಯ್ಲೆಟ್ ಎಲ್ಲ ದಿನವೂ ಒಂದೇ ನಿಯಮ, ಊಟ ಹಾಗಲ್ಲ. ಕ್ರೋನ್ಸ್ ಇರುವವರಿಗೆಲ್ಲ ಒಂದೇ ಪಥ್ಯ ಅಂತ ಇಲ್ಲ. ಒಬ್ಬರಿಗೆ ಹಾಲು ಆಗುವುದಿಲ್ಲ, ಇನ್ನೊಬ್ಬರಿಗೆ ಆರಾಮಾಗಿ ಆಗುತ್ತದೆ. ಇವಳ ಕರುಳು ತುದಿಯಲ್ಲಿ ಸ್ವಲ್ಪ ಕಿರಿದಾಗಿದೆ, ಅದಕ್ಕೆ ನಾರು ಜಾಸ್ತಿ ಇರುವುದು, ಬೀಜ, ಸಿಪ್ಪೆ ಅಲ್ಲಿ ಸಿಕ್ಕಿಹಾಕಿಕೊಳ್ಳಬಹುದು ಅಂತ ಡಾಕ್ಟರು ಎಚ್ಚರಿಸಿದ್ದಾರೆ. ಹಾಗಾಗಿ ಶಾಲೆಗೆ ಹೇಳಬೇಕಿದ್ದದ್ದು ಮೂರು ಬೇರೆ ಬೇರೆ ಕಾಲದ ಊಟ.

ಮೊದಲನೆಯ ಕಾಲದಲ್ಲಿ ಊಟವೇ ಇಲ್ಲ. ಮಕ್ಕಳ ಕ್ರೋನ್ಸ್ ಕೆರಳಿದಾಗ ಸ್ಟೀರಾಯ್ಡ್ ಬದಲು ಆರರಿಂದ ಎಂಟು ವಾರ ಬರೀ ಪೌಷ್ಟಿಕ ದ್ರವಾಹಾರದ ಮೇಲೆ ಇಡುವ ಚಿಕಿತ್ಸೆ ಇದೆ. ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯುವುದು, ದಿನಕ್ಕೆ ಬೇಕಾದ ಎಲ್ಲ ಶಕ್ತಿ, ಪ್ರೋಟೀನು, ವಿಟಮಿನ್ನು ಅದರಲ್ಲೇ. ಅನ್ನ, ಬಿಸ್ಕತ್ತು, ಚಾಕಲೇಟು ಏನೂ ಇಲ್ಲ. ಕರುಳು ವಾಸಿಯಾಗುತ್ತದೆ, ಸ್ಟೀರಾಯ್ಡಿನಿಂದ ಬೆಳವಣಿಗೆಗೆ ಬೀಳುವ ಹೊಡೆತ ಇರುವುದಿಲ್ಲ. ಆದರೆ ಎಷ್ಟು ಬೇಸರದ ಕೆಲಸ ಅಂತ ಅದನ್ನು ಒಂದು ದಿನ ನಾನೂ ಕುಡಿದು ನೋಡಿದೆ. ಸಂಜೆ ಆರು ಗಂಟೆಗೆ ಮಂಡಕ್ಕಿ ಮೆಣಸಿನಕಾಯಿ ಗಾಡಿಯ ವಾಸನೆ ಬಂದಾಗ ಮನೆಯ ಕಿಟಕಿಯನ್ನೇ ಹಾಕಿಬಿಟ್ಟೆ. ಊರೆಲ್ಲ ಬೆಣ್ಣೆ ದೋಸೆ ತಿನ್ನುವ ದಾವಣಗೆರೆಯಲ್ಲಿ ಒಂದು ಮಗು ಇದನ್ನು ವಾರಗಟ್ಟಲೆ ಮಾಡಬೇಕು.

ಶಾಲೆಗೆ ಇದು ಗೊತ್ತಿಲ್ಲದಿದ್ದರೆ ಎರಡು ಥರ ಎಡವಟ್ಟು. ಬಿಸಿಯೂಟಕ್ಕೆ ಕೂರದ ಮಗುವನ್ನು ನೋಡಿ ಟೀಚರು ತಮ್ಮ ಡಬ್ಬಿಯಿಂದ ಒಂದು ತುತ್ತು ಕೊಡುತ್ತಾರೆ. ಪಾಠದ ಮಧ್ಯೆ ಬಾಟಲಿ ಎತ್ತಿದರೆ "ಕ್ಲಾಸಲ್ಲಿ ಏನು ಕುಡೀತಿದ್ದೀಯ?" ಅಂತ ಗದರುತ್ತಾರೆ. ಇಡೀ ದಿನದ ಪ್ರಮಾಣ ಒಂದೇ ಸಲ ಕುಡಿಯಲು ಆಗುವುದಿಲ್ಲ, ಎರಡು ಎರಡೂವರೆ ಗಂಟೆಗೊಮ್ಮೆ ಕುಡಿಯಲೇಬೇಕು. ಹಾಗಾಗಿ ಬರೆದೆ: "ದ್ರವಾಹಾರದ ವಾರಗಳು ಶುರುವಾಗುವ ಮತ್ತು ಮುಗಿಯುವ ದಿನವನ್ನು ನಾನೇ ಬರೆದು ಕಳಿಸುತ್ತೇನೆ. ಆ ದಿನಗಳಲ್ಲಿ ಅವಳಿಗೆ ಯಾವ ತಿಂಡಿಯನ್ನೂ ಕೊಡಬೇಡಿ, ಪ್ರಸಾದವನ್ನೂ ಸಹ. ಅವಳ ಬಾಟಲಿ ಡೆಸ್ಕಿನ ಮೇಲೆ ಇರಲಿ, ಪಾಠ ನಡೆಯುವಾಗಲೂ ಕುಡಿಯಲಿ. ಅವಳು ಉಪವಾಸ ಇಲ್ಲ." ಪುಡಿ ಕಲಸಿದ ಮೇಲೆ ಬಿಸಿಲಿನಲ್ಲಿ ಹೆಚ್ಚು ಹೊತ್ತು ಇಡುವ ಹಾಗಿಲ್ಲ. ಬೆಳಗ್ಗಿನದು ಮಾತ್ರ ಕಲಸಿ ಫ್ಲಾಸ್ಕಿನಲ್ಲಿ ತಣ್ಣಗೆ ಕಳಿಸಿದೆವು. ಮಧ್ಯಾಹ್ನದ್ದಕ್ಕೆ ಅಳತೆ ಮಾಡಿದ ಪುಡಿ ಬೇರೆ ಡಬ್ಬಿ, ಕುದಿಸಿ ಆರಿಸಿದ ನೀರು ಬೇರೆ ಬಾಟಲಿ. ಸ್ಟಾಫ್ ರೂಮಿನಲ್ಲಿ ಕಲಸಿಕೊಳ್ಳಲು ಒಂದು ಮೂಲೆ ಕೊಡಿ ಅಂತಲೂ ಕೇಳಿದೆ.

ಎರಡನೆಯದು ದ್ರವಾಹಾರ ಮುಗಿದ ಮೇಲಿನ ವಾರಗಳು. ಆಗ ಒಂದೊಂದೇ ಪದಾರ್ಥ ವಾಪಸ್ ಸೇರಿಸುತ್ತಾ ಹೋಗುತ್ತೇವೆ. ಮೆತ್ತಗಿನ ಅನ್ನ, ಇಡ್ಲಿ, ಬೇಯಿಸಿದ ಮೊಟ್ಟೆ, ಸಿಪ್ಪೆ ತೆಗೆದ ಸೋರೆಕಾಯಿ, ಕ್ಯಾರೆಟ್. ಈ ವಾರಗಳಲ್ಲಿ ಊಟ ಮನೆಯಿಂದಲೇ. ಮೂರನೆಯದು ಸಾಮಾನ್ಯ ದಿನಗಳು. ಆಗ ಅಕ್ಷರ ದಾಸೋಹದ ಊಟವನ್ನೇ ಗೆಳತಿಯರ ಜೊತೆ ಕೂತು ಮಾಡಬಹುದು, ಮಾಡಲಿ ಅಂತ ನಮ್ಮ ಆಸೆ ಕೂಡ. ಪೂರ್ತಿ ಬೇರೆ ಕೂರಿಸಿಬಿಟ್ಟರೆ ಅವಳಿಗೆ ಕಾಯಿಲೆಗಿಂತ ಅದೇ ದೊಡ್ಡದು. ಅನ್ನ ಸಾಂಬಾರ್ ಸರಿ. ಸಾಂಬಾರಿನ ನುಗ್ಗೆಕಾಯಿ, ಸೊಪ್ಪಿನ ದಂಟು, ಇಡೀ ಕಾಳು ಬೇಡ, ಮೇಲಿನ ತಿಳಿ ಹಾಕಿದರೆ ಸಾಕು. ಮೊಟ್ಟೆ ಕೊಡುವ ದಿನ ಮೊಟ್ಟೆ, ಬಾಳೆಹಣ್ಣು ಕೊಟ್ಟರೆ ಅದೂ ಸರಿ, ಶೇಂಗಾ ಚಿಕ್ಕಿ ಮಾತ್ರ ಬೇಡವೇ ಬೇಡ. ಬೆಳಗ್ಗಿನ ಹಾಲು ಇವಳಿಗೆ ಅರ್ಧ ಲೋಟಕ್ಕಿಂತ ಜಾಸ್ತಿಯಾದರೆ ಹೊಟ್ಟೆ ಉಬ್ಬುತ್ತದೆ.

ಇದರ ಜೊತೆ ಎರಡು ವಾಕ್ಯ ಒಟ್ಟಿಗೆ ಇಟ್ಟೆ, ಯಾಕೆಂದರೆ ಶಾಲೆಯಲ್ಲಿ ಎರಡೂ ಆಗುತ್ತದೆ: "ತಟ್ಟೆ ಖಾಲಿ ಮಾಡು ಅಂತ ಒತ್ತಾಯ ಮಾಡಬೇಡಿ. ಇದು ನಿನಗೆ ಬೇಡ ಅಂತ ಎಲ್ಲರೆದುರು ತಟ್ಟೆಯಿಂದ ತೆಗೆಯಬೇಡಿ." ಏನು ಆಗುತ್ತೆ, ಏನು ಆಗಲ್ಲ ಅಂತ ಅವಳಿಗೇ ಚೆನ್ನಾಗಿ ಗೊತ್ತು.

ಒಂದು ಅಪಾಯದ ಲಕ್ಷಣವನ್ನು ದಪ್ಪ ಅಕ್ಷರದಲ್ಲಿ ಬರೆದೆ. ಹೊಟ್ಟೆ ಹಿಂಡಿದ ಹಾಗೆ ಅಲೆ ಅಲೆಯಾಗಿ ನೋವು, ಹೊಟ್ಟೆ ಉಬ್ಬುವುದು, ಪದೇ ಪದೇ ವಾಂತಿ, ಈ ಮೂರೂ ಒಟ್ಟಿಗೆ ಬಂದರೆ ಕರುಳು ಕಟ್ಟಿಕೊಂಡಿರಬಹುದು. ಆಗ ತಿನ್ನಲು ಕುಡಿಯಲು ಏನೂ ಕೊಡದೆ ತಕ್ಷಣ ನಮಗೆ ಫೋನ್ ಮಾಡಬೇಕು, ನಾವು ಸಿಗದಿದ್ದರೆ ನೇರ ಆಸ್ಪತ್ರೆಗೆ. ಟಾಯ್ಲೆಟ್ಟಿಗೆ ಓಡುವುದು ದಿನದ ವಿಷಯ, ಇದು ಹಾಗಲ್ಲ ಅಂತ ಟೀಚರಿಗೆ ವ್ಯತ್ಯಾಸ ಗೊತ್ತಿರಬೇಕು.

ಮಾತ್ರೆಗಳ ಬಗ್ಗೆ ಚಿಕ್ಕದಾಗಿ ಬರೆದೆ. ಇವಳು ಅಜಥಯೋಪ್ರಿನ್ ತೆಗೆದುಕೊಳ್ಳುತ್ತಾಳೆ, ಅದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಕ್ಲಾಸಿನಲ್ಲಿ ಯಾರಿಗಾದರೂ ಸೀತಾಳೆ ಸಿಡುಬೋ ದಡಾರವೋ ಬಂದರೆ ಅವತ್ತೇ ನಮಗೆ ತಿಳಿಸಿ. ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆ, ಕಬ್ಬಿಣಾಂಶದ ಮಾತ್ರೆ, ಯಾವುದೇ ಲಸಿಕೆ ನಮ್ಮನ್ನು ಕೇಳದೆ ಬೇಡ. ಹೊಟ್ಟೆನೋವು, ಮಂಡಿನೋವು ಅಂದರೆ ಐಬುಪ್ರೊಫೇನ್, ಡೈಕ್ಲೊಫಿನ್ಯಾಕ್ ಥರದ ನೋವಿನ ಮಾತ್ರೆ ಕೊಡಬೇಡಿ, ಅವು ಕರುಳನ್ನು ಕೆರಳಿಸಬಹುದು.

ಡಾಕ್ಟರ ಸರ್ಟಿಫಿಕೇಟ್ ಒಂದು ಬೇಕಿತ್ತು. ಬೆಂಗಳೂರಿಗೆ ತೋರಿಸಲು ಹೋದಾಗ ಕೇಳಿದೆ. ಅವರು ಬರೆದ ಮೊದಲ ಕಾಗದದಲ್ಲಿ ಕಾಯಿಲೆಯ ಹೆಸರು, ಮಾತ್ರೆಯ ಹೆಸರು ಅಷ್ಟೇ ಇತ್ತು. ಅದರಿಂದ ಶಾಲೆಗೆ ಏನೂ ಆಗುವುದಿಲ್ಲ. "ಯಾವ ಹೊತ್ತಿನಲ್ಲೂ ತಡೆಯಿಲ್ಲದೆ ಶೌಚಾಲಯಕ್ಕೆ ಹೋಗಬೇಕು, ಪರೀಕ್ಷೆಯಲ್ಲಿ ಅದಕ್ಕೆ ಹೋದ ಸಮಯವನ್ನು ಹೆಚ್ಚುವರಿಯಾಗಿ ಕೊಡಬೇಕು, ನಿಗದಿತ ಆಹಾರ ಜೊತೆಗಿರಬೇಕು" ಅಂತ ಮೂರು ಸಾಲು ಸೇರಿಸಿ ಅಂತ ಕೇಳಿದೆ, ಬರೆದುಕೊಟ್ಟರು. ಇದು ಯಾಕೆ ಬೇಕು ಅಂದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿರುವ 21 ಅಂಗವೈಕಲ್ಯಗಳಲ್ಲಿ ಈ ಕಾಯಿಲೆ ಇಲ್ಲ. ತೋರಿಸಲು ನಮ್ಮ ಹತ್ತಿರ ಕಾರ್ಡು ಇಲ್ಲ. ಶಾಲೆಯ ಒಳ್ಳೆಯತನ ಮತ್ತು ಡಾಕ್ಟರ ಆ ಮೂರು ಸಾಲು, ಇವೆರಡೇ ಆಧಾರ.

ಹೆಡ್‌ಮಾಸ್ಟರನ್ನು ನಾನೂ ನಮ್ಮವರೂ ಒಟ್ಟಿಗೆ ಹೋಗಿ ಕಂಡೆವು. ಎರಡೂ ಪುಟ ಓದಿದರು. ಮೊದಲ ಮಾತೇ, "ಒಬ್ಬರಿಗೆ ಬಿಟ್ರೆ ಎಲ್ಲರೂ ಕೇಳ್ತಾರಲ್ಲ ಅಮ್ಮಾ?" ನಮ್ಮವರು, "ಕೇಳಿದವರು ಡಾಕ್ಟರ್ ಕಾಗದ ತರಲಿ ಸರ್, ಅವರಿಗೂ ಬಿಡಿ" ಅಂದರು. ಅದಕ್ಕೆ ಅವರು ನಕ್ಕರು. ಅವರಿಗೆ ನಿಜವಾದ ಚಿಂತೆ ಪರೀಕ್ಷೆಯದು. ಟೆಸ್ಟ್ ಮಧ್ಯೆ ಎದ್ದು ಹೋದರೆ ಕಾಪಿ ಅನ್ನುವ ಮಾತು ಬರುತ್ತದೆ. ಇದರಲ್ಲಿ ಅವರ ಕಡೆಯೂ ನ್ಯಾಯ ಇದೆ. ಮಾತಾಡಿ ಹೀಗೆ ಮಾಡಿಕೊಂಡೆವು: ಎದ್ದು ಹೋದ ಹೊತ್ತು, ಬಂದ ಹೊತ್ತು ಮೇಲ್ವಿಚಾರಕರು ಬರೆದಿಡುತ್ತಾರೆ, ಅಷ್ಟು ನಿಮಿಷ ಕೊನೆಗೆ ಸೇರಿಸುತ್ತಾರೆ. ಮೇಡಂ ಒಬ್ಬರು ಟಾಯ್ಲೆಟ್ಟಿನ ಹೊರಗೆ ನಿಲ್ಲುತ್ತಾರೆ, ಬಾಗಿಲು ತಟ್ಟುವುದಿಲ್ಲ. ಸ್ಟಾಫ್ ಟಾಯ್ಲೆಟ್ ಬಿಡಲು ಒಬ್ಬಿಬ್ಬರಿಗೆ ಇಷ್ಟವಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅದನ್ನು ಹೆಡ್‌ಮಾಸ್ಟರೇ ಸರಿಮಾಡಿದರು.

ಪತ್ರ ಓದದ ಇಬ್ಬರು ಇದರಲ್ಲಿ ಎಲ್ಲರಿಗಿಂತ ಮುಖ್ಯ ಅಂತ ಅಲ್ಲಿ ಹೊಳೆಯಿತು. ಒಬ್ಬರು ಆಯಾ, ಇನ್ನೊಬ್ಬರು ಅಡುಗೆಯವರು. ಬೀಗ ಹಾಕುವುದು ಆಯಾ, ಸಾಂಬಾರಿನ ಸೌಟು ಹಿಡಿಯುವುದು ಅಡುಗೆಯವರು. ಅವರ ಹತ್ತಿರ ಹೋಗಿ ಕೂತು ಹೇಳಿದೆ. ಅಡುಗೆ ಅಕ್ಕ, "ತಿಳಿ ಹಾಕ್ತೀನಿ ಬಿಡ್ರಿ ಮೇಡಂ, ಆದ್ರೆ ಬರೀ ತಿಳಿ ತಿಂದ್ರೆ ಕೂಸಿಗೆ ಶಕ್ತಿ ಹೆಂಗ್ ಬರ್ತೈತಿ?" ಅಂದರು. ಒಂದು ಮೊಟ್ಟೆ, ಸ್ವಲ್ಪ ತುಪ್ಪ ಡಬ್ಬಿಯಲ್ಲಿ ಕಳಿಸುತ್ತೇನೆ ಅಂದ ಮೇಲೆ ಒಪ್ಪಿದರು. ಆಯಾ ಮಾತ್ರ ಒಂದೇ ಕೇಳಿದರು, ನೀರು ಇಲ್ಲದ ದಿನ ಏನು ಮಾಡಲಿ ಅಂತ. ಅದು ನಮ್ಮ ಪತ್ರದಲ್ಲಿ ಇರಲಿಲ್ಲ. ಮುಚ್ಚಳದ ಒಂದು ಡ್ರಮ್ ಕೊಂಡುಕೊಟ್ಟೆವು, ಬೆಳಗ್ಗೆ ಅವರೇ ತುಂಬಿಸಿಡುತ್ತಾರೆ.

ಎಲ್ಲ ಸಲೀಸಾಗಿ ನಡೆಯಿತು ಅಂತೇನಿಲ್ಲ. ರಜೆಯ ಮೇಲಿದ್ದ ಒಬ್ಬರ ಬದಲು ಬಂದ ಮೇಷ್ಟ್ರು ಹಳದಿ ಕಾರ್ಡನ್ನು ಕೈಯಲ್ಲಿ ಹಿಡಿದು "ಇದೇನು, ಫುಟ್‌ಬಾಲ್ ಮ್ಯಾಚಾ?" ಅಂತ ಕೇಳಿ ಕ್ಲಾಸನ್ನೆಲ್ಲ ನಗಿಸಿದರು. ಇವಳು ನಿಲ್ಲದೆ ಹೋಗಿಬಿಟ್ಟಳು, ಅದು ಒಳ್ಳೆಯದಾಯಿತು. ಅದಾದ ಮೇಲೆ ಕಾರ್ಡಿನ ಹಿಂದೆ ಎರಡು ಸಾಲು ಬರೆದು ಹೆಡ್‌ಮಾಸ್ಟರ ಸಹಿ, ಶಾಲೆಯ ಸೀಲು ಹಾಕಿಸಿದೆವು: "ಈ ವಿದ್ಯಾರ್ಥಿನಿಗೆ ಯಾವಾಗ ಬೇಕಾದರೂ ಹೊರಗೆ ಹೋಗಲು ಅನುಮತಿ ಇದೆ. ವಿವರಕ್ಕೆ ಆಫೀಸಿನಲ್ಲಿ ಕೇಳಿ." ಅನುಮತಿ ಅನ್ನುವ ಪದ ಕೊನೆಗೂ ಬಂತು. ಆದರೆ ಅದನ್ನು ಕೊಟ್ಟಾಗಿದೆ, ಇವಳು ಕೇಳಬೇಕಾಗಿಲ್ಲ. ಹಾಜರಿ ಪುಸ್ತಕದ ರಟ್ಟಿನ ಒಳಗೂ ಅದೇ ಎರಡು ಸಾಲಿನ ಚೀಟಿ ಇದೆ, ಯಾವ ಮೇಷ್ಟ್ರು ಬಂದರೂ ಮೊದಲು ತೆರೆಯುವುದು ಅದನ್ನೇ.

ಈ ಜೂನ್‌ನಲ್ಲಿ ಒಂಬತ್ತಕ್ಕೆ ಹೋದಳು. ಪತ್ರಕ್ಕೆ ಹೊಸ ತಾರೀಕು ಹಾಕಿ ಮತ್ತೆ ಕೊಟ್ಟೆ, ಹಳೆಯದು ಫೈಲಿನಲ್ಲಿದೆ ಅಂತ ನಂಬಿ ಕೂರುವ ಹಾಗಿಲ್ಲ. ಒಂಬತ್ತನೇ ಕ್ಲಾಸು ಮಹಡಿಯ ಮೇಲೆ ಇತ್ತು. ಇವಳ ಸೆಕ್ಷನ್ನನ್ನು ಕೆಳಗಿನ ಕೋಣೆಗೆ ತಂದರು. ಸೋರೆಕಾಯಿ, ಹಾಲಿನ ಸಾಲುಗಳನ್ನು ಅವಳೇ ತಿದ್ದಿದಳು, ಈಗ ಹಾಲು ಒಂದು ಲೋಟ ಆಗುತ್ತದಂತೆ. ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಗೆ ಬೇರೆ ಊರಿನ ಕೇಂದ್ರ ಬಂದರೆ ಟಾಯ್ಲೆಟ್ ಹತ್ತಿರದ ಕೋಣೆ ಕೇಳಬೇಕು, ಅದಕ್ಕೆ ಶಾಲೆಯ ಮೂಲಕವೇ ಬರೆಯಬೇಕು ಅಂತ ಹೆಡ್‌ಮಾಸ್ಟರು ಈಗಲೇ ಗುರುತು ಹಾಕಿಕೊಂಡಿದ್ದಾರೆ.

ಸದ್ಯ ಬಾಕಿ ಇರುವುದು ಹಂಪಿ ಪ್ರವಾಸ. ಹೋಗಲೇಬೇಕು ಅಂತ ಹಠ. ಬಸ್ಸಿನಲ್ಲಿ ಬಾಗಿಲ ಹಿಂದಿನ ಸೀಟು, ಕೇಳಿದ ಕಡೆ ನಿಲ್ಲಿಸುವ ಡ್ರೈವರು, ಹೊಸಪೇಟೆಯವರೆಗೆ ದಾರಿಯಲ್ಲಿ ಎಲ್ಲೆಲ್ಲಿ ಪೆಟ್ರೋಲ್ ಬಂಕ್ ಇದೆ ಅನ್ನುವ ಪಟ್ಟಿ, ಊಟದ ಡಬ್ಬಿ. ಪಟ್ಟಿಯನ್ನು ಮಗಳೇ ಫೋನಿನ ಮ್ಯಾಪ್ ನೋಡಿ ಮಾಡುತ್ತಿದ್ದಾಳೆ. ಡ್ರೈವರ ಹತ್ತಿರ ಮಾತಾಡುವುದು ನಮ್ಮವರ ಪಾಲಿಗೆ ಬಂದಿದೆ.